ಹೆರಳೋ, ಹಗ್ಗವೋ? ಸ್ವೆಟರ್‌ನ ಮೈಯನ್ನು ಮಾತಿನಲ್ಲಿ ಹೇಳುವುದು

(ಎಳ್ಳಮಾವಾಸ್ಯೆಯ ಹಿಂದಿನ ಭಾನುವಾರ ಬೀದರ್‌ನಲ್ಲಿ, ಮನೆಯಲ್ಲೇ ಸ್ವೆಟರ್ ಹೆಣೆದು ಮಾರುವ ಹೆಣ್ಣುಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಅಂದು ಕೈಯಿಂದ ಕೈಗೆ ದಾಟಿಸಿದ ತುಂಡುಗಳನ್ನು ಇಲ್ಲಿ ಮಾತಿನಲ್ಲೇ ತೋರಿಸಲು ನೋಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಥಂಡಿ ಜಾಸ್ತಿ ಇದೆ, ಹಾಗಾಗಿ ಹೆಚ್ಚಿನವರು ಸ್ವೆಟರ್ ಹಾಕಿಕೊಂಡೇ ಬಂದಿದ್ದೀರಿ. ನನಗೆ ಇವತ್ತು ಅದೇ ಬೇಕಿತ್ತು. ನಾನು ಹೇಳುವುದನ್ನು ನಿಮ್ಮ ಮೈಮೇಲಿನ ಸ್ವೆಟರ್‌ನಲ್ಲೇ ನೋಡಬಹುದು.

ಮೊದಲು ನನ್ನ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಕೆಲವು ವರ್ಷದ ಹಿಂದೆ ಹುಮನಾಬಾದಿನಿಂದ ನಮ್ಮ ವೈನಿ ಫೋನ್ ಮಾಡಿದ್ದರು. ಮದುವೆಮನೆಯಲ್ಲಿ ಯಾರೋ ಹಾಕಿಕೊಂಡಿದ್ದ ಸ್ವೆಟರ್ ಅವರಿಗೆ ಬಹಳ ಇಷ್ಟವಾಗಿತ್ತು. "ಮಾವನವರಿಗೆ ಅಂಥದ್ದೇ ಒಂದು ಹಾಫ್ ಸ್ವೆಟರ್ ಹಾಕಿಕೊಡು. ಉದ್ದುದ್ದ ಗೆರೆ ಇರ್ತಾವ ನೋಡು, ಮೈತುಂಬ ಉಬ್ಬು ಗೆರೆ, ಅದು" ಅಂದರು. ನನಗೆ ತಿಳಿಯಿತು ಅಂದುಕೊಂಡೆ. ಇಡೀ ಸ್ವೆಟರ್ ಎರಡು ಸೀದಾ, ಎರಡು ಉಲ್ಟಾ ರಿಬ್‌ನಲ್ಲಿ ಹೆಣೆದು ಕಳಿಸಿದೆ. ಮಾವನವರು ಹಾಕಿಕೊಂಡರೆ ಅದು ಬನಿಯನ್ ಹಾಗೆ ಮೈಗೆ ಅಂಟಿಕೊಂಡಿತು. ಅವರದು ತುಂಬು ಹೊಟ್ಟೆ, ಪಾಪ, ಒಂದು ದಿನ ಹಾಕಿ ಬಿಟ್ಟರು.

ಆಮೇಲೆ ವೈನಿ ಆ ಮದುವೆಮನೆಯ ಸ್ವೆಟರನ್ನೇ ಇಸಕೊಂಡು ಬಂದು ತೋರಿಸಿದರು. ಅದು ರಿಬ್ ಆಗಿರಲಿಲ್ಲ. ಗಾರ್ಟರ್ ಹೆಣಿಗೆ. ಆದರೆ ಕೆಳಗಿನಿಂದ ಮೇಲಕ್ಕೆ ಹೆಣೆದದ್ದಲ್ಲ, ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಅಡ್ಡಲಾಗಿ ಹೆಣೆದದ್ದು. ಹಾಗಾಗಿ ಅಡ್ಡ ಇರಬೇಕಾದ ಗೆರೆಗಳು ಉದ್ದ ನಿಂತಿದ್ದವು. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ. ಮೈಮೇಲೆ ಮಾತ್ರ ಎರಡರ ನಡವಳಿಕೆ ಬೇರೆ ಬೇರೆ. ವೈನಿ ಸುಳ್ಳು ಹೇಳಿರಲಿಲ್ಲ. "ಉದ್ದ ಗೆರೆ, ಉಬ್ಬು ಗೆರೆ" ಎಂಬುದು ನಿಜವೇ. ಆದರೆ ಅಷ್ಟು ಮಾತು ಸಾಲಲಿಲ್ಲ. ಇನ್ನೂ ಏನೇನು ಹೇಳಿದ್ದರೆ ಸಾಲುತ್ತಿತ್ತು ಎಂಬುದೇ ಇವತ್ತಿನ ವಿಷಯ.

ಇದಕ್ಕೆ ನಾವು ಸೀದಾ, ಉಲ್ಟಾ ಎರಡಕ್ಕೂ ಹಿಂದಿರುವ ಸಂಗತಿಗೆ ಹೋಗಬೇಕು. ಸೀದಾ ಮತ್ತು ಉಲ್ಟಾ ಎರಡು ಬೇರೆ ಕುಣಿಕೆಗಳಲ್ಲ. ಕುಣಿಕೆ ಒಂದೇ, ಅದರ ಮುಖ ಎರಡು. ಒಂದು ಕಡೆಯಿಂದ ನೋಡಿದರೆ ಎರಡು ಕಾಲು ಕಾಣುತ್ತವೆ, ಇಂಗ್ಲಿಷಿನ ವಿ ಅಕ್ಷರದ ಹಾಗೆ. ಅದು ಸೀದಾ. ಅದನ್ನೇ ಹಿಂದಿನಿಂದ ನೋಡಿದರೆ ಕುಣಿಕೆಯ ತಲೆ ಅಡ್ಡ ಗಂಟಿನ ಹಾಗೆ ಕಾಣುತ್ತದೆ. ಅದು ಉಲ್ಟಾ. ನೀವು ಇತ್ತ ಸೀದಾ ಹಾಕಿದರೆ ಅತ್ತ ಉಲ್ಟಾ ಬಿದ್ದೇ ಬೀಳುತ್ತದೆ. ಹೀಗಾಗಿ ರಿಬ್, ಗಾರ್ಟರ್, ಕೇಬಲ್, ಇವೆಲ್ಲ ಒಂದೇ ಕುಣಿಕೆಯ ಎರಡು ಮುಖಗಳನ್ನು ಎಲ್ಲೆಲ್ಲಿ ಇಟ್ಟಿದ್ದೇವೆ ಎಂಬುದರ ಮೇಲೆ ನಿಂತಿವೆ.

ನಮ್ಮ ಕುರುಬರು ನೇಯುವ ಕಂಬಳಿಯಲ್ಲಿ ಈ ಆಟ ಇಲ್ಲ. ಅಲ್ಲಿ ಉದ್ದದ ಎಳೆ, ಅಡ್ಡದ ಎಳೆ ಎರಡೂ ನೆಟ್ಟಗೆ ಹೋಗುತ್ತವೆ. ಹೆಣಿಗೆಯಲ್ಲಿ ನೂಲು ಎಲ್ಲೂ ನೆಟ್ಟಗಿಲ್ಲ, ಪೂರ್ತಿ ಬಳುಕಿಕೊಂಡೇ ಹೋಗುತ್ತದೆ. ಬಳುಕಿದ ನೂಲು ನೆಟ್ಟಗಾಗಲು ಒದ್ದಾಡುತ್ತದೆ. ಆ ಒದ್ದಾಟದಿಂದಲೇ ಬಟ್ಟೆಗೆ ಉಬ್ಬು ತಗ್ಗು ಬರುತ್ತದೆ.

ಇದನ್ನು ಕಣ್ಣಾರೆ ನೋಡಬಹುದು. ನನ್ನ ಕೈಯಲ್ಲಿ ಒಂದು ಸಾದಾ ತುಂಡು ಇದೆ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ನಾವೆಲ್ಲ ಮೊದಲು ಕಲಿಯುವ ಹೆಣಿಗೆ. ಇದನ್ನು ಮೇಜಿನ ಮೇಲೆ ಬಿಟ್ಟರೆ ಸುಮ್ನೆ ಮಲಗುವುದಿಲ್ಲ. ಎಡ ಬಲದ ಅಂಚುಗಳು ಹಿಂದಕ್ಕೆ ಸುರುಳಿ ಸುತ್ತುತ್ತವೆ. ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ, ನಮ್ಮ ಕಡೆಗೆ ಸುತ್ತುತ್ತವೆ. ಪಕ್ಕದವು ಹಿಂದಕ್ಕೆ, ಮೇಲೆ ಕೆಳಗಿನವು ಮುಂದಕ್ಕೆ. ಇದೊಂದು ಮಾತು ನೆನಪಿಟ್ಟುಕೊಳ್ಳಿ. ಹೊಸದಾಗಿ ಕಲಿತವರು ಇದನ್ನು ತಮ್ಮ ಕೈಯ ತಪ್ಪು ಎಂದು ಬೇಜಾರು ಮಾಡಿಕೊಳ್ಳುತ್ತಾರೆ. ತಪ್ಪಲ್ಲ, ಹೆಣಿಗೆಯ ಗುಣವೇ ಹಾಗೆ.

ಈಗ ಸೀದಾ ಮುಖವನ್ನು ಉದ್ದನೆಯ ಕಂಬದ ಹಾಗೆ ನಿಲ್ಲಿಸೋಣ. ಎರಡು ಕುಣಿಕೆ ಸೀದಾ, ಪಕ್ಕದ ಎರಡು ಉಲ್ಟಾ, ಮತ್ತೆ ಎರಡು ಸೀದಾ. ಮುಂದಿನ ಸಾಲಲ್ಲೂ ಸೀದಾ ಮೇಲೆ ಸೀದಾ ಕಾಣಬೇಕು, ಉಲ್ಟಾ ಮೇಲೆ ಉಲ್ಟಾ ಕಾಣಬೇಕು. ಇದು ರಿಬ್. ಸೀದಾ ಕಂಬದ ಎರಡೂ ಪಕ್ಕಗಳು ಹಿಂದಕ್ಕೆ ಸುತ್ತಲು ನೋಡುತ್ತವೆ ಅಲ್ವಾ? ಪಕ್ಕ ಹಿಂದಕ್ಕೆ ಹೋದರೆ ನಡು ಮುಂದಕ್ಕೆ ಉಬ್ಬುತ್ತದೆ. ಉಲ್ಟಾ ಕಂಬಕ್ಕೆ ಇದೇ ತಿರುಗಮುರುಗ. ಅದು ಒಳಕ್ಕೆ ಸರಿದು ಎರಡು ಸೀದಾ ಕಂಬಗಳ ನಡುವೆ ಅಡಗಿಕೊಳ್ಳುತ್ತದೆ. ಸೀರೆಯ ನೆರಿಗೆ ಹಿಡಿದ ಹಾಗೆ, ಇಲ್ಲವೇ ಮನೆ ಮೇಲಿನ ಅಲೆ ಅಲೆ ಪತ್ರಾದ ಹಾಗೆ ಬಟ್ಟೆ ಮಡಚಿಕೊಳ್ಳುತ್ತದೆ. ನೆರಿಗೆ ಹಿಡಿದ ಸೀರೆಯ ಅಗಲ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ, ಮಡಿಕೆಯ ಒಳಗಿದೆ. ರಿಬ್‌ನ ಹಿಗ್ಗುವ ಗುಣವೂ ಬಹುಪಾಲು ಹೀಗೇ. ನೂಲು ರಬ್ಬರ್ ಆಗಿಲ್ಲ, ಮಡಿಕೆ ಬಿಚ್ಚಿಕೊಳ್ಳುತ್ತದೆ, ಬಿಟ್ಟರೆ ಮತ್ತೆ ಮಡಚಿಕೊಳ್ಳುತ್ತದೆ.

ಇನ್ನು ಗಾರ್ಟರ್. ಇದು ಎಲ್ಲಕ್ಕಿಂತ ಸುಲಭ. ಪ್ರತಿ ಸಾಲೂ ಸೀದಾ ಹಾಕುತ್ತಾ ಹೋಗುವುದು. ಆದರೆ ತುಂಡನ್ನು ಪ್ರತಿ ಸಾಲಿಗೂ ತಿರುಗಿಸುತ್ತೇವಲ್ಲ, ಹಾಗಾಗಿ ಮುಂದಿನಿಂದ ನೋಡಿದರೆ ಒಂದು ಸಾಲು ಸೀದಾ ಮುಖ, ಒಂದು ಸಾಲು ಉಲ್ಟಾ ಮುಖ ಬರುತ್ತದೆ. ಇಲ್ಲಿ ಮುಖಗಳು ಅಡ್ಡಡ್ಡ ಮಲಗಿವೆ. ಸೀದಾ ಸಾಲಿನ ಮೇಲಂಚು, ಕೆಳಂಚು ಮುಂದಕ್ಕೆ ಸುತ್ತುತ್ತವೆ. ಅಂದರೆ ಸೀದಾ ಸಾಲಿನ ನಡು ಹಿಂದೆ ಬೀಳುತ್ತದೆ, ಪಕ್ಕದ ಉಲ್ಟಾ ಸಾಲು ಮುಂದಕ್ಕೆ ಎದ್ದು ನಿಲ್ಲುತ್ತದೆ.

ನನಗೆ ಇಡೀ ಹೆಣಿಗೆಯಲ್ಲಿ ಅತಿ ಚೆಂದ ಅನ್ನಿಸುವ ವಿಷಯ ಇದು. ಅದೇ ಉಲ್ಟಾ ಕುಣಿಕೆ, ಕಂಬವಾಗಿ ನಿಂತರೆ ಹಿಂದೆ ಸರಿಯುತ್ತದೆ, ಅಡ್ಡ ಮಲಗಿದರೆ ಮುಂದೆ ಬರುತ್ತದೆ. ರಿಬ್‌ನ ಉಬ್ಬಿನ ಮೇಲೆ ವಿ ಆಕಾರದ ಕಾಲುಗಳಿವೆ, ತಗ್ಗಿನಲ್ಲಿ ಗಂಟುಗಳಿವೆ. ಗಾರ್ಟರ್‌ನ ಉಬ್ಬಿನ ಮೇಲೆ ಗಂಟುಗಳಿವೆ, ತಗ್ಗಿನಲ್ಲಿ ವಿ ಕಾಲುಗಳಿವೆ. ಒಂದಕ್ಕೊಂದು ಪೂರ್ತಿ ಉಲ್ಟಾ.

ವೈನಿಯ ಸ್ವೆಟರ್‌ಗೆ ಈಗ ಬನ್ನಿ. "ವೈನಿ, ಆ ಉಬ್ಬು ಗೆರೆಯ ಮೇಲೆ ಏನು ಕಾಣ್ತದ, ಜಡೆ ಹೆಣೆದಂಥ ಕಾಲುಗಳೋ, ಗಂಟು ಗಂಟೋ?" ಎಂದು ನಾನು ಒಂದೇ ಒಂದು ಮಾತು ಕೇಳಿದ್ದರೆ ಸಾಕಿತ್ತು. ಗಂಟು ಎಂದಿದ್ದರೆ ಗಾರ್ಟರ್ ಎಂದು ತಿಳಿಯುತ್ತಿತ್ತು. ಗೆರೆ ಉದ್ದ ಇದ್ದರೂ ಅಡ್ಡ ಇದ್ದರೂ ಈ ಗುರುತು ಬದಲಾಗುವುದಿಲ್ಲ. ಹತ್ತಿರ ಸ್ವೆಟರ್ ಇದ್ದರೆ ಇನ್ನೂ ಸುಲಭ. ಗೆರೆಗಳನ್ನು ಎರಡು ಕೈಯಲ್ಲಿ ಸ್ವಲ್ಪ ಅಗಲಿಸಿ ತಗ್ಗಿನೊಳಗೆ ಇಣುಕಿ ನೋಡಿ. ನಿಮ್ಮ ಮೈಮೇಲಿನ ಸ್ವೆಟರ್‌ನ ಕೆಳ ಅಂಚನ್ನು ಈಗಲೇ ಹೀಗೆ ನೋಡಿ.

ಈಗ ಈ ನಾಲ್ಕು ತುಂಡುಗಳನ್ನು ಕೈಗೆ ಕೈ ದಾಟಿಸುತ್ತೇನೆ. ನಾಲ್ಕೂ ಒಂದೇ ಉಲ್ಲನ್, ಒಂದೇ 8 ನಂಬರ್ ಸಲಾಯಿ, ಅಂದರೆ 4 ಮಿಲಿಮೀಟರ್ ದಪ್ಪದ್ದು. ನಾಲ್ಕರಲ್ಲೂ 40 ಕುಣಿಕೆ, 40 ಸಾಲು. ಹೆಣೆದದ್ದು ಒಂದೇ ಕೈ. ಅಳತೆ ಮಾತ್ರ ನಾಲ್ಕೂ ಬೇರೆ.

ಸಾದಾ ತುಂಡು 18 ಸೆಂಟಿಮೀಟರ್ ಅಗಲ, 13 ಸೆಂಟಿಮೀಟರ್ ಉದ್ದ ಬಂದಿದೆ. ರಿಬ್ ತುಂಡು ಸುಮ್ನೆ ಇಟ್ಟರೆ ಅಗಲ 12 ಸೆಂಟಿಮೀಟರ್, ಕೈಯಲ್ಲಿ ಎಳೆದರೆ ಸಾದಾ ತುಂಡನ್ನೂ ದಾಟುತ್ತದೆ. ಗಾರ್ಟರ್ ತುಂಡಿನ ಅಗಲ ಹೆಚ್ಚುಕಡಿಮೆ ಸಾದಾದಷ್ಟೇ. ಆದರೆ ಉದ್ದ 9 ಸೆಂಟಿಮೀಟರ್‌ಗೆ ನಿಂತಿದೆ. ಯಾಕೆಂದರೆ ಅಲ್ಲಿ ಸಾಲುಗಳು ಒಂದರ ಮೇಲೊಂದು ಕೂತು ಕುಗ್ಗಿವೆ. ರಿಬ್‌ನಲ್ಲಿ ಮಡಿಕೆ ಅಗಲದ ಕಡೆ, ಗಾರ್ಟರ್‌ನಲ್ಲಿ ಉದ್ದದ ಕಡೆ. ಗಾರ್ಟರ್ ತುಂಡನ್ನು ಮೇಲೆ ಕೆಳಗೆ ಎಳೆದು ನೋಡಿ, ಹೇಗೆ ಹಿಗ್ಗುತ್ತದೆ ಎಂದು.

ಆರ್ಡರ್ ತೆಗೆದುಕೊಳ್ಳುವವರಿಗೆ ಇದರಿಂದ ಆಗುವ ಲೆಕ್ಕ ಒಂದಿದೆ. ಗಾರ್ಟರ್‌ನಲ್ಲಿ ಅದೇ ಉದ್ದಕ್ಕೆ ಹೆಚ್ಚು ಸಾಲು ಹೆಣೆಯಬೇಕು, ಅಂದರೆ ಉಲ್ಲನ್ ಜಾಸ್ತಿ, ದಿನವೂ ಜಾಸ್ತಿ. "ಇದು ಸುಲಭದ ಹೆಣಿಗೆ, ಕಡಿಮೆ ರೊಕ್ಕ ತಗೋ" ಎಂದು ಗಿರಾಕಿ ಹೇಳಿದರೆ ಈ ತುಂಡನ್ನು ತೋರಿಸಿ. ಇನ್ನೊಂದು, ಇಡೀ ಮೈ ಗಾರ್ಟರ್ ಇರುವ ಭಾರದ ಸ್ವೆಟರನ್ನು ಮೊಳೆಗೆ ತೂಗುಹಾಕಬಾರದು. ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಮಡಚಿ ಇಡಬೇಕು.

ಗಾರ್ಟರ್‌ನ ಒಳ್ಳೆಯ ಗುಣವನ್ನೂ ಹೇಳಲೇಬೇಕು. ಅದು ಸುರುಳಿ ಸುತ್ತುವುದಿಲ್ಲ. ಪ್ರತಿ ಸಾಲಿನ ಸೆಳೆತವನ್ನು ಪಕ್ಕದ ಸಾಲು ಹಿಡಿದು ನಿಲ್ಲಿಸುತ್ತದೆ. ಎರಡೂ ಬದಿ ಒಂದೇ ಥರ ಕಾಣುತ್ತದೆ. ಅದಕ್ಕೇ ಮುಂದೆ ಬಿಚ್ಚುವ ಸ್ವೆಟರ್‌ನ ಗುಂಡಿ ಪಟ್ಟಿಗೆ, ಮಕ್ಕಳ ಹೊದಿಕೆಗೆ ಅದು ಚೆನ್ನ. ಇಲ್ಲಿ ಒಂದು ಮಾತು ತಿದ್ದಿಕೊಳ್ಳೋಣ. ನಾವು ರಿಬ್‌ಗೆ "ಬಾರ್ಡರ್" ಎಂದೇ ಹೇಳುತ್ತೇವೆ. "ಬಾರ್ಡರ್ ಹಾಕಿ ಮುಗೀತು" ಅನ್ನುತ್ತೇವೆ. ಮನೆಯೊಳಗೆ ಅದು ನಡೆಯುತ್ತದೆ. ಆದರೆ ಬಾರ್ಡರ್ ಎಂಬುದು ಜಾಗದ ಹೆಸರು, ಹೆಣಿಗೆಯ ಹೆಸರಲ್ಲ. ಬಾರ್ಡರ್ ಗಾರ್ಟರ್‌ನದ್ದೂ ಇರಬಹುದು. ದೂರದ ಗಿರಾಕಿಗೆ "ಬಾರ್ಡರ್ ಇದೆ" ಎಂದು ಬರೆದರೆ, ಅದು ಸೊಂಟ ಹಿಡಿಯುತ್ತದೋ ಬಿಡುಬೀಸು ಇರುತ್ತದೋ ಅವರಿಗೆ ತಿಳಿಯುವುದಿಲ್ಲ. "ಕೆಳಗೆ ಎರಡು-ಎರಡರ ರಿಬ್, 6 ಸೆಂಟಿಮೀಟರ್" ಎಂದು ಬರೆದರೆ ತಿಳಿಯುತ್ತದೆ.

ನಾಲ್ಕನೆಯ ತುಂಡು ಕೇಬಲ್. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಹೆಚ್ಚು ದುಡ್ಡು ಬರುವುದೂ ಇದರಲ್ಲೇ, ಹೆಚ್ಚು ಜಗಳ ಆಗುವುದೂ ಇದರಲ್ಲೇ.

ಕೇಬಲ್ ಅಂದರೆ ಕುಣಿಕೆಗಳನ್ನು ದಾಟಿಸುವುದು. ಆರು ಸೀದಾ ಕುಣಿಕೆಗಳ ಒಂದು ಕಂಬ ಇದೆ ಅಂದುಕೊಳ್ಳಿ, ಎರಡು ಪಕ್ಕದಲ್ಲೂ ಎರಡೆರಡು ಉಲ್ಟಾ. ಇಷ್ಟಕ್ಕೇ ಆ ಕಂಬ ಎದ್ದು ನಿಂತಿರುತ್ತದೆ, ರಿಬ್‌ನಲ್ಲಿ ನೋಡಿದ ಕಾರಣಕ್ಕೇ. ಈಗ ಮೊದಲ ಮೂರು ಕುಣಿಕೆಗಳನ್ನು ಹೆಣೆಯದೆ ಒಂದು ಚಿಕ್ಕ ಸಲಾಯಿಗೆ ಏರಿಸಿ ಪಕ್ಕಕ್ಕಿಡಿ. ಮುಂದಿನ ಮೂರನ್ನು ಸೀದಾ ಹೆಣೆಯಿರಿ. ಆಮೇಲೆ ಪಕ್ಕಕ್ಕಿಟ್ಟ ಮೂರನ್ನು ಹೆಣೆಯಿರಿ. ಮೂರು ಮೂರು ಜಾಗ ಬದಲಾಯಿಸಿಕೊಂಡವು. ಆರು ಸಾಲಿಗೊಮ್ಮೆ ಹೀಗೆ ಮಾಡುತ್ತಾ ಹೋದರೆ ಹಗ್ಗ ಹೊಸೆದ ಹಾಗೆ ಕಾಣುತ್ತದೆ. ಚಿಕ್ಕ ಸಲಾಯಿಯನ್ನು ಬಟ್ಟೆಯ ಹಿಂದೆ ಇಟ್ಟರೆ ಮೇಲೆ ಕಾಣುವ ಎಳೆ ಬಲಕ್ಕೆ ಓರೆಯಾಗುತ್ತದೆ. ಮುಂದೆ ಇಟ್ಟರೆ ಎಡಕ್ಕೆ ಓರೆಯಾಗುತ್ತದೆ. ಕೆಳಗಿನಿಂದ ಮೇಲಕ್ಕೆ, ಎದುರು ನಿಂತು ನೋಡುವವರ ಎಡ ಬಲ ಇದು. ಹಾಕಿಕೊಂಡವರ ಎಡ ಬಲ ಅಲ್ಲ. ಇಷ್ಟು ಹೇಳದೆ ಬರೀ "ಎಡಕ್ಕೆ ತಿರುಗಿದ ಕೇಬಲ್" ಎಂದರೆ ಅರ್ಧ ಜನ ತಪ್ಪು ತಿಳಿಯುತ್ತಾರೆ.

ನಮ್ಮಲ್ಲಿ ಎಲ್ಲ ಕೇಬಲ್‌ಗೂ "ಹೆರಳಿನ ಡಿಸೈನ್" ಎಂದು ಬಿಡುತ್ತೇವೆ. ನಮ್ಮ ಮಾತಿನಲ್ಲೇ ಇರುವ ಒಂದು ಒಳ್ಳೆಯ ವ್ಯತ್ಯಾಸವನ್ನು ಹೀಗೆ ಕಳೆದುಕೊಳ್ಳುತ್ತಿದ್ದೇವೆ. ಹಗ್ಗಕ್ಕೆ ಎರಡು ಎಳೆ ಇದ್ದರೆ ಸಾಕು, ಯಾವಾಗಲೂ ಒಂದೇ ದಿಕ್ಕಿಗೆ ಹೊಸೆಯುತ್ತೇವೆ. ಹೆರಳಿಗೆ ಮೂರು ಎಳೆ ಬೇಕು, ಒಮ್ಮೆ ಬಲದ ಎಳೆ ನಡುವಿಗೆ ಬರುತ್ತದೆ, ಒಮ್ಮೆ ಎಡದ್ದು. ಹೆಣಿಗೆಯಲ್ಲೂ ಹಾಗೇ. ಈಗ ಹೇಳಿದ ಆರು ಕುಣಿಕೆಯದ್ದು ಹಗ್ಗ. ಹೆರಳು ಬೇಕಾದರೆ ಒಂಬತ್ತು ಕುಣಿಕೆ ತೆಗೆದುಕೊಳ್ಳಬೇಕು, ಮೂರರ ಮೂರು ಎಳೆ. ಒಂದು ಸಲ ಮೊದಲ ಆರರಲ್ಲಿ ಸಲಾಯಿ ಹಿಂದಿಟ್ಟು ದಾಟಿಸಿ, ಉಳಿದ ಮೂರು ಸುಮ್ನೆ ಹೆಣೆಯಬೇಕು. ನಾಲ್ಕು ಸಾಲು ಆದ ಮೇಲೆ ಮೊದಲ ಮೂರು ಸುಮ್ನೆ ಹೆಣೆದು, ಕೊನೆಯ ಆರರಲ್ಲಿ ಸಲಾಯಿ ಮುಂದಿಟ್ಟು ದಾಟಿಸಬೇಕು. ಮಗಳ ತಲೆಗೆ ಹೆರಳು ಹಾಕುವ ಕೈಗೆ ಇದನ್ನು ಹೇಳಿಕೊಡುವುದೇ ಬೇಡ. ಹಾಗಾಗಿ ಎರಡೆಳೆ ಕಂಡರೆ ಹಗ್ಗ, ಮೂರೆಳೆ ಕಂಡರೆ ಹೆರಳು ಎಂದೇ ಕರೆಯೋಣ.

ಇನ್ನು ಜಗಳದ ವಿಷಯ. ಕೇಬಲ್ ತುಂಡು ಎಷ್ಟು ಅಗಲ ಬಂದಿದೆ ನೋಡಿ. ಅದರಲ್ಲಿ ಮೂರು ಹಗ್ಗಗಳಿವೆ. ಅಗಲ 15.5 ಸೆಂಟಿಮೀಟರ್, ಸಾದಾದ 18ಕ್ಕಿಂತ ಕಡಿಮೆ. ಒಂದು ಎಳೆ ಇನ್ನೊಂದರ ಮೇಲೆ ಹತ್ತಿದೆ, ಆ ಜಾಗದಲ್ಲಿ ಬಟ್ಟೆ ಎರಡು ಪದರ ಆಗಿದೆ. ಪದರ ಎರಡಾದರೆ ಅಗಲ ಕಡಿಮೆ ಆಗಲೇಬೇಕು. ನನ್ನ ಅನುಭವದಲ್ಲಿ ಈ ಉಲ್ಲನ್‌ನಲ್ಲಿ ಆರು ಕುಣಿಕೆಯ ಒಂದು ಹಗ್ಗ ಸುಮಾರು ಎರಡು ಕುಣಿಕೆಯಷ್ಟು ಅಗಲ ತಿನ್ನುತ್ತದೆ. ರಿಬ್ ಕೂಡ ಅಗಲ ತಿನ್ನುತ್ತದೆ, ಆದರೆ ಎಳೆದರೆ ಬಿಟ್ಟುಕೊಡುತ್ತದೆ. ಕೇಬಲ್ ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ, ದಾಟಿದ ಎಳೆಗಳು ಒಂದನ್ನೊಂದು ಬಿಗಿ ಹಿಡಿದಿರುತ್ತವೆ. ಹಾಗಾಗಿ ಕೇಬಲ್ ಇರುವ ಬಟ್ಟೆ ದಪ್ಪ, ಬೆಚ್ಚಗೆ, ಮತ್ತು ಸ್ವಲ್ಪ ಬಿರುಸು.

ಈ ಲೆಕ್ಕ ನನಗೆ ತಮ್ಮನ ಸ್ವೆಟರ್ ಕಲಿಸಿತು. ಅವನ ಎದೆ ಸುತ್ತಳತೆ 94 ಸೆಂಟಿಮೀಟರ್. ಅಂಗಿಯ ಮೇಲೆ ಹಾಕಲು ಸ್ವೆಟರ್ 100 ಇರಲಿ ಎಂದು, ಮುಂಭಾಗ 50, ಹಿಂಭಾಗ 50 ಎಂದು ಲೆಕ್ಕ ಹಾಕಿದೆ. ಸಾದಾ ಹೆಣಿಗೆಯಲ್ಲಿ ನನ್ನ ಕೈಗೆ 10 ಸೆಂಟಿಮೀಟರ್‌ಗೆ 22 ಕುಣಿಕೆ ಬರುತ್ತವೆ. 50ಕ್ಕೆ 110 ಕುಣಿಕೆ. ಇಷ್ಟು ಸರಿ ಇತ್ತು. ಹೆಣೆಯುತ್ತಾ ಸಾದಾ ಬೇಡ ಅನ್ನಿಸಿ ಮುಂದೆ ನಾಲ್ಕು, ಹಿಂದೆ ನಾಲ್ಕು ಹಗ್ಗ ಹಾಕಿದೆ, ಕುಣಿಕೆ ಮಾತ್ರ ಅದೇ 110 ಇಟ್ಟೆ. ನಾಲ್ಕು ಹಗ್ಗ ಎಂಟು ಕುಣಿಕೆಯ ಅಗಲ ತಿಂದವು, ಅಂದರೆ ಒಂದೊಂದು ಭಾಗದಲ್ಲಿ ಮೂರೂವರೆ ಸೆಂಟಿಮೀಟರ್‌ಗಿಂತ ತುಸು ಹೆಚ್ಚು. ಎರಡೂ ಭಾಗ ಸೇರಿ 7 ಸೆಂಟಿಮೀಟರ್ ಹೋಯಿತು. 100 ಆಗಬೇಕಿದ್ದ ಸ್ವೆಟರ್ 93 ಆಯಿತು, ಅವನ ಎದೆಗಿಂತ ಕಡಿಮೆ. ಅವನು ಹಾಕಿಕೊಂಡ, ಪಾಪ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗಿ ಬುತ್ತಿ ಬಿಚ್ಚಲು ಬಗ್ಗಿದಾಗ ಸ್ವೆಟರ್‌ನ ಬೆನ್ನು ಪೂರ್ತಿ ಮೇಲೆ ಏರಿ ಬಂತು.

ಸರಿಯಾದ ದಾರಿ ಹೀಗೆ. ಕೆಳಗಿನ ರಿಬ್ ಅನ್ನು 110 ಕುಣಿಕೆಯಲ್ಲೇ ಹೆಣೆಯಿರಿ, 10 ನಂಬರ್ ಸಲಾಯಿಯಲ್ಲಿ. (ನಂಬರ್ ದೊಡ್ಡದಾದಷ್ಟೂ ಸಲಾಯಿ ತೆಳು ಎಂಬುದು ನಿಮಗೆ ಗೊತ್ತೇ ಇದೆ.) ಎರಡು-ಎರಡರ ರಿಬ್‌ಗೆ ಕುಣಿಕೆ ನಾಲ್ಕರ ಮಗ್ಗಿಯ ಮೇಲೆ ಎರಡು ಇದ್ದರೆ ಎರಡು ಅಂಚೂ ಜೋಡಿಯಾಗಿ ಬರುತ್ತವೆ. 110 ಹಾಗೆ ಸರಿಹೋಗುತ್ತದೆ, 108ರ ಮೇಲೆ ಎರಡು. ರಿಬ್‌ನ ಕೊನೆಯ ಸಾಲಿನಲ್ಲಿ ಪ್ರತಿ ಹಗ್ಗ ಬರುವ ಜಾಗದಲ್ಲೇ ಎರಡೆರಡು ಕುಣಿಕೆ ಹೆಚ್ಚಿಸಿ. ಅಲ್ಲಿಗೆ 118. ಆಮೇಲೆ 8 ನಂಬರ್ ಸಲಾಯಿಗೆ ಬದಲಿಸಿ ಹಗ್ಗ ಶುರು ಮಾಡಿ. ಮೇಲೆ ಭುಜದ ಹತ್ತಿರ ಮುಗಿಸುವಾಗ ಹಗ್ಗದ ಮೇಲೆಯೇ ಆ ಎರಡೆರಡನ್ನು ಮತ್ತೆ ಕಡಿಮೆ ಮಾಡಿ ಮುಗಿಸಿ. ಇಲ್ಲದಿದ್ದರೆ ದಾಟುವುದು ನಿಂತ ಕೂಡಲೇ ಕುಣಿಕೆಗಳು ಸಡಿಲಾಗಿ ಆ ಜಾಗ ಝಾಲರಿನ ಹಾಗೆ ಅಗಲವಾಗುತ್ತದೆ. ಮೊದಲು ಒಂದು ಹಗ್ಗ ಇರುವ ಚಿಕ್ಕ ತುಂಡು ಹೆಣೆದು ಅಳೆಯಿರಿ. ನಿಮ್ಮ ಕೈ ಬಿಗಿ ಇದ್ದರೆ ಎರಡಲ್ಲ, ಮೂರು ತಿನ್ನಬಹುದು.

ಕೇಬಲ್‌ನಲ್ಲಿ ಆಗುವ ಇನ್ನೊಂದು ತಪ್ಪು, ದಾಟಿಸುವ ಸಾಲನ್ನು ಮರೆಯುವುದು, ಇಲ್ಲವೇ ಸಲಾಯಿ ಹಿಂದಿಡುವ ಬದಲು ಮುಂದಿಡುವುದು. ಹಗ್ಗದಲ್ಲಿ ಒಂದು ಕಣ್ಣು ಉಳಿದವಕ್ಕಿಂತ ಉದ್ದ ಕಂಡರೆ ದಾಟಿಸಲು ಮರೆತಿದ್ದೀರಿ ಎಂದರ್ಥ. ಒಂದು ಕಡೆ ಎಳೆ ವಿರುದ್ಧ ದಿಕ್ಕಿಗೆ ಓರೆಯಾಗಿದ್ದರೆ ಸಲಾಯಿ ತಪ್ಪು ಕಡೆ ಹೋಗಿದೆ. ಇಡೀ ಸ್ವೆಟರ್ ಬಿಚ್ಚಬೇಡಿ. ಆ ಆರು ಕುಣಿಕೆಗಳನ್ನು ಮಾತ್ರ ಸಲಾಯಿಯಿಂದ ಇಳಿಸಿ, ತಪ್ಪಾದ ಸಾಲಿನವರೆಗೆ ಬಿಚ್ಚಿ. ಏಣಿಯ ಮೆಟ್ಟಿಲಿನ ಹಾಗೆ ಅಡ್ಡ ಎಳೆಗಳು ನಿಲ್ಲುತ್ತವೆ. ಮೂರು ಮೂರನ್ನು ಸರಿಯಾಗಿ ದಾಟಿಸಿ, ಒಂದೊಂದೇ ಅಡ್ಡ ಎಳೆ ಹಿಡಿದು ಮೇಲಕ್ಕೆ ಹೆಣೆಯುತ್ತಾ ಬನ್ನಿ. ಎಂಟು ಹತ್ತು ಸಾಲಿನವರೆಗೆ ಇದು ಚೆನ್ನಾಗಿ ಆಗುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ನಾವು ಬಿದರಿ ಕೆಲಸದ ಊರಿನವರು. ಬಿದರಿಯ ಹೂಜಿ ಕಪ್ಪು, ಆದರೂ ಅದರ ಬಳ್ಳಿ ಹೂವು ದೂರದಿಂದಲೇ ಕಾಣುತ್ತವೆ, ಯಾಕೆಂದರೆ ಕಪ್ಪಿನೊಳಗೆ ಬೆಳ್ಳಿ ಕೂರಿಸಿದೆ. ಬೆಳ್ಳಿ ತಂತಿಯ ಸಾಮಾನ್ಯ ಕೆಲಸದ ಮೇಲೆ ಕೈಯಾಡಿಸಿದರೆ ನುಣುಪು, ಉಬ್ಬು ಸಿಗುವುದಿಲ್ಲ. ಸ್ವೆಟರ್‌ನಲ್ಲಿ ಇದಕ್ಕೆ ವಿರುದ್ಧ. ಇಲ್ಲಿ ಬಣ್ಣ ಒಂದೇ, ಚಿತ್ರ ಬಿಡಿಸುವುದು ಉಬ್ಬಿನ ಪಕ್ಕದಲ್ಲಿ ಬೀಳುವ ನೆರಳು. ಕಪ್ಪು ಉಲ್ಲನ್‌ನಲ್ಲಿ ಆ ನೆರಳು ಕಾಣುವುದಿಲ್ಲ. ಕೇಬಲ್‌ನ ಕಷ್ಟವೆಲ್ಲ ವ್ಯರ್ಥ. ಕೆನೆ, ಬಿಸ್ಕತ್ತು, ತಿಳಿ ಬೂದು ಬಣ್ಣ ಇದಕ್ಕೆ ಒಳ್ಳೆಯದು. ಫೋಟೊ ತೆಗೆಯುವಾಗಲೂ ಫ್ಲಾಶ್ ಹಾಕಬೇಡಿ, ಎದುರಿನ ಬೆಳಕು ನೆರಳನ್ನು ಅಳಿಸುತ್ತದೆ. ಬೆಳಿಗ್ಗೆ ಕಿಟಕಿಯ ಪಕ್ಕ ಇಟ್ಟು, ಬೆಳಕು ಒಂದು ಪಕ್ಕದಿಂದ ಬೀಳುವ ಹಾಗೆ ತೆಗೆಯಿರಿ.

ಹಾಗಾದರೆ ತಮ್ಮನದ್ದರ ಹಾಗೇ ಇದ್ದು, ಅಳತೆ ಸರಿಪಡಿಸಿ ಹೆಣೆದ ಸ್ವೆಟರ್ ಬಗ್ಗೆ ನೋಡದವರಿಗೆ ಹೇಗೆ ಹೇಳುವುದು? ಮೊದಲು ನಾನು ಗಿರಾಕಿಗಳಿಗೆ "ಕೇಬಲ್ ಡಿಸೈನ್ ಸ್ವೆಟರ್, ಬಹಳ ಚೆಂದ ಇದೆ" ಎಂದು ಬರೆಯುತ್ತಿದ್ದೆ. ಈಗ ಹೀಗೆ ಬರೆಯುತ್ತೇನೆ:

"ಗಂಡಸರ ತುಂಬು ತೋಳಿನ ಸ್ವೆಟರ್, ಬಿಸ್ಕತ್ತು ಬಣ್ಣ. ಎದೆ ಸುತ್ತಳತೆ 100 ಸೆಂಟಿಮೀಟರ್. ಕೆಳಗೆ, ಕೈತುದಿಗೆ, ಕುತ್ತಿಗೆಗೆ ಎರಡು-ಎರಡರ ರಿಬ್, ಸೊಂಟವನ್ನು ಮೆತ್ತಗೆ ಹಿಡಿಯುತ್ತದೆ. ಮುಂದೆ ಹಿಂದೆ ನಾಲ್ಕು ನಾಲ್ಕು ಹಗ್ಗದ ಕೇಬಲ್, ರಿಬ್‌ನಿಂದ ಭುಜದವರೆಗೆ. ಒಂದೊಂದು ಹಗ್ಗ ಆರು ಕುಣಿಕೆ ಅಗಲ, ಆರು ಸಾಲಿಗೊಂದು ತಿರುವು, ಹಾಗಾಗಿ ಬಿಗಿಯಾಗಿ ಹೊಸೆದಂತೆ ಕಾಣುತ್ತದೆ. ಎದುರಿನಿಂದ ನೋಡಿದರೆ ಎಡದ ಎರಡು ಎಡಕ್ಕೆ, ಬಲದ ಎರಡು ಬಲಕ್ಕೆ ಓರೆ. ಹಗ್ಗಗಳ ನಡುವೆ ಸಾದಾ ಸೀದಾ ಹೆಣಿಗೆ. ಕೇಬಲ್ ಇರುವ ಕಡೆ ದಪ್ಪ, ಹೆಚ್ಚು ಹಿಗ್ಗುವುದಿಲ್ಲ."

ನೋಡಿ, ಇದರಲ್ಲಿ "ಚೆಂದ" ಎಂಬ ಮಾತೇ ಇಲ್ಲ. ಗೆರೆ ಯಾವ ದಿಕ್ಕಿಗಿದೆ, ಎದ್ದು ನಿಂತದ್ದು ಏನು, ಎಳೆದರೆ ಏನಾಗುತ್ತದೆ, ಎಷ್ಟಕ್ಕೊಮ್ಮೆ ಮರುಕಳಿಸುತ್ತದೆ, ಇಷ್ಟೇ ಇದೆ. ಕೊಳ್ಳುವವರಿಗೆ ಕಣ್ಣಿಗೆ ಕಟ್ಟುತ್ತದೆ. ಹೆಣೆಯುವವರು ಓದಿದರೆ ಹೆಣೆದೇ ಬಿಡಬಹುದು. "ಮೆತ್ತಗೆ", "ಬಿಗಿ", "ದಪ್ಪ" ಎಂಬ ಮಾತುಗಳನ್ನು ನಾನು ಬಿಟ್ಟಿಲ್ಲ, ಆದರೆ ಪ್ರತಿಯೊಂದರ ಜೊತೆ ಅದು ಎಲ್ಲಿ, ಯಾವ ಹೆಣಿಗೆಯಿಂದ ಎಂದು ಇದೆ.

ಮಾತು ಮುಗಿದ ಮೇಲೆ ಇಬ್ಬರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬ ತಂಗಿ ಕೇಳಿದಳು: "ಅಕ್ಕಾ, ನಾ ರಿಬ್ ಹೆಣೆದರ ಒಮ್ಮೊಮ್ಮೆ ಗೆರೆನೇ ಬರಂಗಿಲ್ಲ, ಎಲ್ಲಾ ಕಡೆ ಚುಕ್ಕಿ ಚುಕ್ಕಿ ಬರ್ತದ. ಯಾಕ?" ಅವಳು ಒಂದು ಸೀದಾ, ಒಂದು ಉಲ್ಟಾ ಹೆಣೆಯುತ್ತಿದ್ದಳು. ತಿರುಗಿಸಿದ ಮೇಲೆ ಒಂದು ಕುಣಿಕೆ ಜಾರಿ, ಸೀದಾ ಮೇಲೆ ಉಲ್ಟಾ ಬಿದ್ದಿತ್ತು. ಪ್ರತಿ ಸಾಲೂ ಹಾಗೆ ಬಿದ್ದರೆ ಕಂಬವೂ ಆಗುವುದಿಲ್ಲ, ಅಡ್ಡ ಗೆರೆಯೂ ಆಗುವುದಿಲ್ಲ, ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಅದೂ ಒಂದು ಹೆಣಿಗೆಯೇ, ಬೇಕೆಂದೇ ಹೆಣೆಯುವವರಿದ್ದಾರೆ, ಸುರುಳಿ ಸುತ್ತದೆ ಚಪ್ಪಟೆ ಮಲಗುತ್ತದೆ. ಆದರೆ ರಿಬ್ ಹಾಗೆ ಸೊಂಟ ಹಿಡಿಯುವುದಿಲ್ಲ. ನೆನಪಿಟ್ಟು ಹೆಣೆಯುವ ಬದಲು ಕಣ್ಣಲ್ಲಿ ನೋಡಿ ಹೆಣೆಯಲು ಹೇಳಿದೆ. ಸಲಾಯಿಯ ಕೆಳಗೆ ವಿ ಕಂಡರೆ ಸೀದಾ, ಗಂಟು ಕಂಡರೆ ಉಲ್ಟಾ.

ಇನ್ನೊಬ್ಬರು ಹಿರಿಯರು, ತಮ್ಮ ಸ್ವೆಟರ್‌ನ ರಿಬ್ ಒಂದೇ ದಿನಕ್ಕೆ ಜೋತುಬಿತ್ತು, ಏನು ಮಾಡಲಿ ಎಂದು ತೋರಿಸಿದರು. ಹೊಲಿಗೆ ಮುಗಿದ ಮೇಲೆ ಚೆನ್ನಾಗಿ ಕಾಣಲಿ ಎಂದು ಬಿಸಿ ಇಸ್ತ್ರಿ ಒತ್ತಿದ್ದರು. ಅಂಗಡಿಯಲ್ಲಿ ನಾವು ಉಲ್ಲನ್ ಎಂದು ಕೊಳ್ಳುವುದು ಹೆಚ್ಚಿನ ಪಾಲು ಅಕ್ರಿಲಿಕ್. ಬಿಸಿಗೆ ಅದರ ನೂಲು ಮೆತ್ತಗಾಗಿ, ಚಪ್ಪಟೆಯಾಗಿ, ಹಾಗೇ ನಿಂತುಬಿಡುತ್ತದೆ. ಬಳುಕು ಹೋದ ಮೇಲೆ ಮಡಿಕೆಯೂ ಹೋಗುತ್ತದೆ. ಕುರಿ ಉಣ್ಣೆಯ ನೂಲಾದರೆ ನೀರಲ್ಲಿ ನೆನೆಸಿ, ರಿಬ್ ಅನ್ನು ಒತ್ತಾಗಿ ಸೇರಿಸಿ ಒಣಗಿಸಿದರೆ ಬಹಳಷ್ಟು ವಾಪಸ್ ಬರುತ್ತದೆ. ಅಕ್ರಿಲಿಕ್‌ನಲ್ಲಿ ಹಾಗೆ ಬರುವುದಿಲ್ಲ. ಆ ಅಜ್ಜಿಯ ಸ್ವೆಟರ್‌ಗೆ ಉಳಿದಿದ್ದ ದಾರಿ ಒಂದೇ. ರಿಬ್‌ನ ಮೇಲಿನ ಸಾಲಿನಲ್ಲಿ ಒಂದು ಎಳೆ ಕತ್ತರಿಸಿ, ಮೈಯ ಕುಣಿಕೆಗಳನ್ನು ಒಂದೊಂದಾಗಿ 10 ನಂಬರ್ ಸಲಾಯಿಗೆ ಎತ್ತಿಕೊಂಡೆವು. ಹಳೆಯ ರಿಬ್ ಕಳಚಿ ಬಂತು. ಹೊಸ ಉಲ್ಲನ್ ಜೋಡಿಸಿ ಮೇಲಿನಿಂದ ಕೆಳಕ್ಕೆ ಎರಡು-ಎರಡರ ರಿಬ್ ಶುರು ಮಾಡಿಕೊಟ್ಟೆ. ಎಲ್ಲರೂ ಏಳುವ ಹೊತ್ತಿಗೆ ಅವರು ಐದನೆಯ ಸಾಲಿನಲ್ಲಿದ್ದರು.